ಮೂರೂ ಇಷ್ಟಪಡುವವರು ಎಷ್ಟು ಮಂದಿ? ವೆನ್ ಚಿತ್ರದ ಸಮೀಕ್ಷೆ ಲೆಕ್ಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿ ಹೆಚ್ಚಾಗಿ ಒಂದೇ ಸಮೀಕ್ಷೆಯನ್ನು ಹಿಡಿದು ಮಾತಾಡುತ್ತೇನೆ. ಲೆಕ್ಕ ಇದು:

100 ಜನರನ್ನು ಕೇಳಲಾಯಿತು. 58 ಮಂದಿಗೆ ಓದು ಇಷ್ಟ, 49 ಮಂದಿಗೆ ಸಂಗೀತ ಇಷ್ಟ, 37 ಮಂದಿಗೆ ಚೆಸ್ ಇಷ್ಟ. ಓದು ಮತ್ತು ಸಂಗೀತ ಎರಡೂ ಇಷ್ಟವಿರುವವರು 24, ಸಂಗೀತ ಮತ್ತು ಚೆಸ್ ಎರಡೂ ಇಷ್ಟವಿರುವವರು 17, ಓದು ಮತ್ತು ಚೆಸ್ ಎರಡೂ ಇಷ್ಟವಿರುವವರು 19. ಮೂರರಲ್ಲಿ ಯಾವುದೂ ಇಷ್ಟವಿಲ್ಲದವರು 10. ಹಾಗಾದರೆ ಮೂರೂ ಇಷ್ಟವಿರುವವರು ಎಷ್ಟು?

ಇದನ್ನು ಬಿಡಿಸುವುದು ಹೇಗೆ?

ಮೊದಲು ಯಾವುದೂ ಬೇಡ ಎಂದ 10 ಜನರನ್ನು ಬದಿಗಿಡಿ. ಉಳಿದ 90 ಜನರಿಗೆ ಕನಿಷ್ಠ ಒಂದಾದರೂ ಇಷ್ಟ. ವೆನ್ ಚಿತ್ರದ ಮೂರು ವೃತ್ತಗಳ ಒಳಗೆ ಇರುವವರು ಈ 90 ಮಂದಿ ಮಾತ್ರ. ಆ 10 ಮಂದಿ ವೃತ್ತಗಳ ಹೊರಗೆ, ಚೌಕಟ್ಟಿನ ಒಳಗೆ ಇರುತ್ತಾರೆ.

ಈಗ ಮೂರು ಇಷ್ಟಗಳನ್ನು ಕೂಡಿಸಿ: 58 + 49 + 37 = 144. ಜೋಡಿಗಳನ್ನು ಕೂಡಿಸಿ: 24 + 17 + 19 = 60. ಮೂರೂ ಇಷ್ಟವಿರುವವರ ಸಂಖ್ಯೆ x ಎಂದುಕೊಂಡರೆ,

```
90 = 144 − 60 + x
x = 6
```

ಉತ್ತರ 6. ಲೆಕ್ಕ ಇಷ್ಟೇ. ಆದರೆ ಕಳೆಯುವುದು ಯಾಕೆ, ಮತ್ತೆ ಕೂಡಿಸುವುದು ಯಾಕೆ ಅಂತ ಗೊತ್ತಿಲ್ಲದೆ ಸೂತ್ರ ಬಾಯಿಪಾಠ ಮಾಡಿಕೊಂಡರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ ಕೂಡಲೇ ಕೈ ನಿಂತುಬಿಡುತ್ತದೆ.

ಕಳೆದ ಮೇಲೆ ಮತ್ತೆ ಕೂಡಿಸುವುದು ಯಾಕೆ?

ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದೊಂದಕ್ಕೂ ಒಂದೊಂದು ಚೀಟಿ ಹಾಕುತ್ತಾರೆ ಅಂದುಕೊಳ್ಳಿ. ಓದು ಮಾತ್ರ ಇಷ್ಟವಿದ್ದವರು ಒಂದು ಚೀಟಿ ಹಾಕುತ್ತಾರೆ. ಎರಡು ಇಷ್ಟವಿದ್ದವರು ಎರಡು, ಮೂರೂ ಇಷ್ಟವಿದ್ದವರು ಮೂರು. ಒಟ್ಟು ಚೀಟಿ 144. ಚೀಟಿ ಹಾಕಿದವರು 90 ಮಂದಿ.

ನಮಗೆ ಬೇಕಾದ್ದು ಒಬ್ಬರಿಗೆ ಒಂದೇ ಎಣಿಕೆ. ಸರಿಯಾಗಿ ಎರಡೇ ಇಷ್ಟವಿರುವವರನ್ನು ನೋಡಿ. ಮೊದಲ ಕೂಡಿಕೆಯಲ್ಲಿ ಅವರು ಎರಡು ಸಲ ಬಂದರು, ಜೋಡಿಗಳನ್ನು ಕಳೆದಾಗ ಒಂದು ಸಲ ಹೋದರು, ಒಂದು ಸಲ ಉಳಿದರು. ಸರಿಹೋಯಿತು. ಮೂರೂ ಇಷ್ಟವಿರುವವರು ಮೊದಲು ಮೂರು ಸಲ ಬಂದರು. ಆದರೆ ಅವರು ಮೂರು ಜೋಡಿಗಳಲ್ಲೂ ಇದ್ದಾರೆ, ಅಲ್ವಾ? ಹಾಗಾಗಿ ಮೂರು ಸಲ ಹೋದರು. ಈಗ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಅದಕ್ಕೇ ಕೊನೆಯಲ್ಲಿ ಅವರನ್ನು ಒಂದು ಸಲ ಕೂಡಿಸುತ್ತೇವೆ. ಸೇರಿಸಿ, ಕಳೆದು, ಮತ್ತೆ ಸೇರಿಸುವ ಈ ವಿಧಾನ ಎಷ್ಟೇ ವಿಷಯಗಳಿದ್ದರೂ ಹೀಗೇ ಸಾಗುತ್ತದೆ.

ಸೂತ್ರ ಇಲ್ಲದೆ, ಚಿತ್ರ ಬರೆದೇ ಮಾಡಬಹುದಾ?

ಮಾಡಬಹುದು. ನನ್ನನ್ನು ಕೇಳಿದರೆ ಅದೇ ಒಳ್ಳೆಯ ದಾರಿ. ಯಾಕೆಂದರೆ ಉತ್ತರದ ಜೊತೆ ಏಳೂ ಭಾಗಗಳು ಕೈಗೆ ಸಿಗುತ್ತವೆ.

ಒಂದೇ ನಿಯಮ: ನಡುವಿನಿಂದ ಹೊರಕ್ಕೆ ಬನ್ನಿ. ಮೂರೂ ವೃತ್ತಗಳು ಕೂಡುವ ನಡುಭಾಗದಲ್ಲಿ x ಬರೆಯಿರಿ. ಓದು ಮತ್ತು ಸಂಗೀತ ಎರಡೂ ಇಷ್ಟವಿರುವ 24 ಜನರಲ್ಲಿ ಆ x ಮಂದಿಯೂ ಸೇರಿದ್ದಾರೆ. ಆದ್ದರಿಂದ ಚೆಸ್ ಬಿಟ್ಟು ಇವೆರಡೇ ಇಷ್ಟವಿರುವವರು 24 − x. ಹಾಗೆಯೇ ಸಂಗೀತ ಮತ್ತು ಚೆಸ್ ಮಾತ್ರ 17 − x, ಓದು ಮತ್ತು ಚೆಸ್ ಮಾತ್ರ 19 − x.

ಇನ್ನು ಓದಿನ ವೃತ್ತ. ಅದರಲ್ಲಿ ಒಟ್ಟು 58 ಇರಬೇಕು. ಮೂರು ಭಾಗಗಳು ಆಗಲೇ ತುಂಬಿವೆ: (24 − x), (19 − x) ಮತ್ತು x. ಇವನ್ನು ಕೂಡಿಸಿದರೆ 43 − x. ಉಳಿದದ್ದು 15 + x. ಓದು ಮಾತ್ರ ಇಷ್ಟವಿರುವವರು ಇಷ್ಟು. ಇದೇ ರೀತಿ ಸಂಗೀತ ಮಾತ್ರ 8 + x, ಚೆಸ್ ಮಾತ್ರ 1 + x.

ಏಳನ್ನೂ ಕೂಡಿಸಿದರೆ 84 + x ಬರುತ್ತದೆ. ಅದು 90 ಆಗಬೇಕು, ಹಾಗಾಗಿ x = 6. ಈಗ ಭಾಗಗಳಲ್ಲಿ ಬೆಲೆ ಹಾಕಿ: ಓದು ಮಾತ್ರ 21, ಸಂಗೀತ ಮಾತ್ರ 14, ಚೆಸ್ ಮಾತ್ರ 7. ಎರಡೇ ಇಷ್ಟವಿರುವವರು 18, 11 ಮತ್ತು 13. ನಡುವೆ 6.

ಕೆಲವರು ಹೊರಗಿನಿಂದ ಶುರು ಮಾಡುತ್ತಾರೆ. ಓದಿನ ವೃತ್ತದಲ್ಲಿ ನೇರವಾಗಿ 58 ಎಂದು ಬರೆದು, ಎರಡು ವೃತ್ತಗಳು ಕೂಡುವಲ್ಲಿ 24 ಎಂದು ಬರೆಯುತ್ತಾರೆ. ಅಲ್ಲಿಗೆ ಚಿತ್ರ ಕೆಟ್ಟಂತೆ. 58 ಇಡೀ ವೃತ್ತಕ್ಕೆ ಸೇರಿದ ಸಂಖ್ಯೆ, ಅದರ ಒಂದು ತುಂಡಿಗಲ್ಲ. ಬೇಕಿದ್ದರೆ ಅದನ್ನು ವೃತ್ತದ ಹೊರಗೆ, ಹೆಸರಿನ ಪಕ್ಕದಲ್ಲಿ ಬರೆದುಕೊಳ್ಳಿ.

"ಎರಡೂ ಇಷ್ಟ" ಅಂದರೆ "ಎರಡು ಮಾತ್ರ ಇಷ್ಟ" ಅಂತಾನಾ?

ಈ ಲೆಕ್ಕಗಳಲ್ಲಿ ಅತಿ ಹೆಚ್ಚು ತಪ್ಪಾಗುವ ಜಾಗ ಇದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

"ಓದು ಮತ್ತು ಸಂಗೀತ ಎರಡೂ ಇಷ್ಟ" ಎಂದರೆ ಮೂರನೆಯದರ ಬಗ್ಗೆ ಏನೂ ಹೇಳಿಲ್ಲ. ಚೆಸ್ ಇಷ್ಟವಿರಬಹುದು, ಇಲ್ಲದೆಯೂ ಇರಬಹುದು. ಮೂರೂ ಇಷ್ಟವಿರುವವರು ಈ 24ರ ಒಳಗೇ ಇದ್ದಾರೆ. "ಓದು ಮತ್ತು ಸಂಗೀತ ಮಾತ್ರ ಇಷ್ಟ" ಎಂದರೆ ಚೆಸ್ ಇಷ್ಟವಿರುವವರು ಆ ಗುಂಪಿನಲ್ಲಿ ಇಲ್ಲ. ಮೊದಲನೆಯದು ಚಿತ್ರದಲ್ಲಿ ಎರಡು ತುಂಡು, ಎರಡನೆಯದು ಒಂದೇ ತುಂಡು.

"ಮಾತ್ರ" ಎಂದು ಕೊಟ್ಟಾಗ ಸೂತ್ರವೇ ಬದಲಾಗುತ್ತದೆ. ಇನ್ನೊಂದು ಸಮೀಕ್ಷೆ ತೆಗೆದುಕೊಳ್ಳೋಣ. 80 ಮಂದಿ ಇದ್ದಾರೆ, ಎಲ್ಲರಿಗೂ ಕನಿಷ್ಠ ಒಂದು ಇಷ್ಟ. ಮೂರು ವಿಷಯಗಳಿಗೆ ಬಂದ ಸಂಖ್ಯೆ 45, 40 ಮತ್ತು 35. ಸರಿಯಾಗಿ ಎರಡೇ ಇಷ್ಟವಿರುವವರು ಒಟ್ಟು 24. ಚೀಟಿಗಳು 120, ಜನ 80. ಹಾಗಾಗಿ 40 ಚೀಟಿ ಹೆಚ್ಚಾಗಿವೆ. ಈ ಹೆಚ್ಚು ಎಲ್ಲಿಂದ ಬಂತು? ಎರಡೇ ಇಷ್ಟವಿರುವವರು ತಲಾ ಒಂದು ಹೆಚ್ಚು ಚೀಟಿ ಹಾಕಿದ್ದಾರೆ. ಮೂರೂ ಇಷ್ಟವಿರುವವರು ತಲಾ ಎರಡು ಹೆಚ್ಚು ಹಾಕಿದ್ದಾರೆ.

```
40 = 24 + 2x
x = 8
```

ಇಲ್ಲಿ ಮೊದಲಿನ ಸೂತ್ರ ಬಳಸಿದ್ದರೆ 80 = 120 − 24 + x, ಅಂದರೆ x = −16. ಮೈನಸ್ 16 ಜನರು ಇರಲು ಸಾಧ್ಯವಿಲ್ಲ.

ಪ್ರಶ್ನೆಯ ಮಾತು ಅಸ್ಪಷ್ಟವಾಗಿದ್ದರೆ ಯಾವ ಅರ್ಥ ಹಿಡಿಯಬೇಕು?

ಮೂರೂ ಜೋಡಿಗಳ ಮೊತ್ತ ಮತ್ತು ಒಟ್ಟು ಜನರ ಸಂಖ್ಯೆ ಕೊಟ್ಟಿದ್ದರೆ ಸಂಖ್ಯೆಗಳೇ ಉತ್ತರ ಹೇಳುತ್ತವೆ. ಇದು ಈ ಲೆಕ್ಕಗಳಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ, ಆದರೆ ಪಾಠ ಹೇಳುವಾಗ ಇದನ್ನು ಹೇಳುವವರು ಕಡಿಮೆ.

ಹೆಚ್ಚಿನ ಚೀಟಿಗಳ ಸಂಖ್ಯೆಯನ್ನು E ಎನ್ನಿ. ಕೊಟ್ಟಿರುವ ಜೋಡಿಗಳ ಮೊತ್ತವನ್ನು P ಎನ್ನಿ. "ಎರಡೂ" ಎಂಬ ಅರ್ಥ ಹಿಡಿದರೆ x = P − E. "ಎರಡು ಮಾತ್ರ" ಎಂಬ ಅರ್ಥ ಹಿಡಿದರೆ x = (E − P) / 2. ಒಂದರಲ್ಲಿ P ಇಂದ E ಕಳೆಯುತ್ತೇವೆ, ಇನ್ನೊಂದರಲ್ಲಿ ಅದರ ತಿರುಗುಮುರುಗು. ಹಾಗಾಗಿ ಒಂದು ಉತ್ತರ ಧನವಾದರೆ ಇನ್ನೊಂದು ಋಣವಾಗಲೇಬೇಕು. ಎರಡೂ ಅರ್ಥಗಳು ಒಟ್ಟಿಗೆ ನಿಲ್ಲುವುದು P ಮತ್ತು E ಸಮವಾದಾಗ ಮಾತ್ರ, ಆಗ ಎರಡು ದಾರಿಯಲ್ಲೂ x = 0.

ನಮ್ಮ ಓದು, ಸಂಗೀತ, ಚೆಸ್ ಲೆಕ್ಕದಲ್ಲಿ E = 144 − 90 = 54, P = 60. P ಜಾಸ್ತಿ ಇದೆ. ಆದ್ದರಿಂದ "ಎರಡೂ" ಎಂಬ ಅರ್ಥವೇ ಸರಿ, x = 6. ಅದನ್ನೇ "ಎರಡು ಮಾತ್ರ" ಎಂದು ಓದಿಕೊಂಡಿದ್ದರೆ x = −3 ಬರುತ್ತಿತ್ತು. ಎರಡನೇ ಲೆಕ್ಕದಲ್ಲಿ E = 40, P = 24. E ಜಾಸ್ತಿ, ಆದ್ದರಿಂದ ಅಲ್ಲಿ "ಎರಡು ಮಾತ್ರ".

ಪರೀಕ್ಷೆಯಲ್ಲಿ ಕೂತಾಗ ಇದು ಅರ್ಧ ನಿಮಿಷದ ಕೆಲಸ. ಕೂಡಿಸಿ, ಒಟ್ಟನ್ನು ಕಳೆದು, ಜೋಡಿಗಳ ಮೊತ್ತದ ಜೊತೆ ಹೋಲಿಸಿ. ಪ್ರಶ್ನೆಯ ವಾಕ್ಯ ಹೇಗೇ ಇರಲಿ, ಯಾವ ಸೂತ್ರ ಹಿಡಿಯಬೇಕು ಅನ್ನುವುದು ಗೊತ್ತಾಗುತ್ತದೆ.

ಕೆಲವು ಜೋಡಿಗಳಿಗೆ "ಮಾತ್ರ" ಇದ್ದು ಕೆಲವಕ್ಕೆ ಇಲ್ಲದಿದ್ದರೆ?

ಎಲ್ಲವನ್ನೂ ಒಂದೇ ರೀತಿಗೆ ತನ್ನಿ. "ಮಾತ್ರ" ಎಂದು ಕೊಟ್ಟಿರುವ ಸಂಖ್ಯೆಗೆ x ಸೇರಿಸಿದರೆ ಅದು ಪೂರ್ತಿ ಜೋಡಿಯಾಗುತ್ತದೆ. ನಮ್ಮ ಲೆಕ್ಕದಲ್ಲಿ "ಓದು ಮತ್ತು ಸಂಗೀತ ಮಾತ್ರ 18, ಸಂಗೀತ ಮತ್ತು ಚೆಸ್ ಮಾತ್ರ 11, ಓದು ಮತ್ತು ಚೆಸ್ ಎರಡೂ 19" ಎಂದು ಕೊಟ್ಟಿದ್ದರೆ ಜೋಡಿಗಳು 18 + x, 11 + x ಮತ್ತು 19. ಆಗ 90 = 144 − (48 + 2x) + x. ಮತ್ತೆ x = 6.

ಆದರೆ ಒಂದೇ ಒಂದು ಜೋಡಿಗೆ "ಮಾತ್ರ" ಇದ್ದರೆ ವಿಚಿತ್ರ ಆಗುತ್ತದೆ. "ಓದು ಮತ್ತು ಸಂಗೀತ ಮಾತ್ರ 18, ಉಳಿದವು 17 ಮತ್ತು 19" ಎಂದಿಟ್ಟುಕೊಳ್ಳಿ. 90 = 144 − (18 + x + 17 + 19) + x. ಒಂದು x ಹೋಗುತ್ತದೆ, ಇನ್ನೊಂದು ಬರುತ್ತದೆ. ಉಳಿಯುವುದು 90 = 90. ಇದು ನಿಜ, ಆದರೆ x ಬಗ್ಗೆ ಏನೂ ಹೇಳುವುದಿಲ್ಲ. ಚಿತ್ರದಲ್ಲಿ ನೋಡಿದರೆ ಸಂಗೀತ ಮತ್ತು ಚೆಸ್ ಮಾತ್ರ 17 − x, ಓದು ಮತ್ತು ಚೆಸ್ ಮಾತ್ರ 19 − x, ಚೆಸ್ ಮಾತ್ರ 1 + x. ಅಂದರೆ 0 ಇಂದ 17ರವರೆಗೆ x ಎಷ್ಟು ಬೇಕಾದರೂ ಆಗಬಹುದು. ಆರು ಅದರಲ್ಲಿ ಒಂದು, ಅಷ್ಟೇ.

ಇಂಥ ಪ್ರಶ್ನೆ ಎದುರಾದರೆ ಸಮಯ ಕಳೆಯಬೇಡಿ. x ಹೊಡೆದುಹೋಗಿ ಎರಡು ಕಡೆ ಒಂದೇ ಸಂಖ್ಯೆ ಉಳಿದರೆ ಮಾಹಿತಿ ಸಾಲದು. ಬೇರೆ ಬೇರೆ ಸಂಖ್ಯೆ ಉಳಿದರೆ ಪ್ರಶ್ನೆಯೇ ತಪ್ಪು. ನೀವೇ ಲೆಕ್ಕ ತಯಾರಿಸುವವರಾದರೆ, ಮಕ್ಕಳಿಗೆ ಕೊಡುವ ಮೊದಲು ಇದನ್ನು ಖಂಡಿತ ನೋಡಿಕೊಳ್ಳಿ.

ಯಾವುದೂ ಇಷ್ಟವಿಲ್ಲದವರ ಸಂಖ್ಯೆ ಕೊಡದಿದ್ದರೆ ಸೊನ್ನೆ ಎಂದುಕೊಳ್ಳಬಹುದಾ?

ಸುಮ್ನೆ ಹಾಗೆ ಅಂದುಕೊಳ್ಳಬೇಡಿ. "ಪ್ರತಿಯೊಬ್ಬರಿಗೂ ಕನಿಷ್ಠ ಒಂದು ಇಷ್ಟ" ಎಂಬ ಮಾತು ಪ್ರಶ್ನೆಯಲ್ಲಿ ಇದ್ದರೆ ಮಾತ್ರ ಸೊನ್ನೆ.

ನಮ್ಮ ಲೆಕ್ಕದಿಂದ ಆ 10 ಅನ್ನು ತೆಗೆದುಬಿಟ್ಟರೆ ಏನಾಗುತ್ತದೆ ನೋಡಿ. ವೃತ್ತಗಳ ಒಳಗಿರುವವರು 84 + x, ಹೊರಗಿರುವವರು 16 − x. ಹೊರಗಿನವರು ಸೊನ್ನೆಗಿಂತ ಕಡಿಮೆ ಆಗುವಂತಿಲ್ಲ, ಆದ್ದರಿಂದ x 16 ದಾಟುವುದಿಲ್ಲ. 0 ಇಂದ 16ರವರೆಗೆ ಎಲ್ಲ ಉತ್ತರಗಳೂ ಹೊಂದುತ್ತವೆ. ಹೊರಗಿನವರು ಸೊನ್ನೆ ಎಂದು ಊಹಿಸಿದವರು ಗೊತ್ತಿಲ್ಲದೇ 16 ಅನ್ನು ಆರಿಸಿದಂತಾಗುತ್ತದೆ.

ಉತ್ತರ ಸರಿಯಾಗಿದೆ ಅಂತ ಹೇಗೆ ನೋಡುವುದು? ಎಲ್ಲ ಭಾಗ ಕೂಡಿಸಿ ಒಟ್ಟು ಬಂದರೆ ಸಾಕಾ?

ಸಾಲದು. ಕೊಟ್ಟ ಸಂಖ್ಯೆಗಳೇ ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಈ ಸಂಖ್ಯೆಗಳನ್ನು ತೆಗೆದುಕೊಳ್ಳಿ: ಓದು 60, ಸಂಗೀತ 52, ಚೆಸ್ 30. ಜೋಡಿಗಳು: ಓದು ಮತ್ತು ಸಂಗೀತ 20, ಸಂಗೀತ ಮತ್ತು ಚೆಸ್ 19, ಓದು ಮತ್ತು ಚೆಸ್ 18. ಕನಿಷ್ಠ ಒಂದು ಇಷ್ಟವಿರುವವರು 90. ಸೂತ್ರ ಹಾಕಿದರೆ 90 = 142 − 57 + x, x = 5. ನೋಡಲು ಚೆನ್ನಾಗಿಯೇ ಇದೆ. ಈಗ ಚೆಸ್ ಮಾತ್ರ ಇಷ್ಟವಿರುವವರನ್ನು ಕಂಡುಹಿಡಿಯಿರಿ: 30 − 19 − 18 + 5 = −2.

ಇಂಥ ಸಮೀಕ್ಷೆ ಇರಲು ಸಾಧ್ಯವೇ ಇಲ್ಲ. ಆದರೂ ಏಳು ಭಾಗಗಳನ್ನು ಕೂಡಿಸಿ ನೋಡಿ: 27 + 18 − 2 + 15 + 14 + 13 + 5 = 90. ಒಟ್ಟು ಸರಿಯಾಗೇ ಬಂತು! x ಕಂಡುಹಿಡಿಯಲು ಆ 90 ಅನ್ನೇ ಬಳಸಿದ್ದೇವೆ, ಆದ್ದರಿಂದ ಅದು ಬಂದೇ ಬರುತ್ತದೆ. ಒಟ್ಟು ಬಾರದಿದ್ದರೆ ಎಲ್ಲೋ ಕೂಡುವುದರಲ್ಲಿ ಕಳೆಯುವುದರಲ್ಲಿ ತಪ್ಪಿದೆ ಅಂತ ಅರ್ಥ. ಅದಕ್ಕಿಂತ ಹೆಚ್ಚಿನದನ್ನು ಆ ಪರೀಕ್ಷೆ ಹೇಳದು. ನಿಜವಾದ ಪರೀಕ್ಷೆ ಏಳೂ ಭಾಗಗಳು ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿನ ಪೂರ್ಣ ಸಂಖ್ಯೆಗಳಾಗಿವೆಯೇ ಎಂದು ನೋಡುವುದು. ಋಣ ಸಂಖ್ಯೆ ಸಾಮಾನ್ಯವಾಗಿ "ಮಾತ್ರ" ಭಾಗಗಳಲ್ಲಿ, ಅದರಲ್ಲೂ ಅತಿ ಚಿಕ್ಕ ವೃತ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲು ಅಲ್ಲೇ ನೋಡಿ.

"ಕನಿಷ್ಠ ಎರಡು ಇಷ್ಟ" ಮತ್ತು "ಸರಿಯಾಗಿ ಎರಡು ಇಷ್ಟ" ಇವಕ್ಕೆ ಬೇರೆ ಸೂತ್ರ ಬೇಕಾ?

ಚಿತ್ರ ತುಂಬಿಸಿದ್ದರೆ ಬೇಡ. ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡು: 18 + 11 + 13 = 42. ಕನಿಷ್ಠ ಎರಡು: ಅದಕ್ಕೆ ನಡುವಿನ 6 ಸೇರಿಸಿ 48. ಜೋಡಿಗಳ ಮೊತ್ತ 60 ಇವೆರಡೂ ಅಲ್ಲ. ಅದರಲ್ಲಿ ಮೂರೂ ಇಷ್ಟವಿರುವ 6 ಮಂದಿ ಮೂರು ಸಲ ಬಂದಿದ್ದಾರೆ. 60 ಇಂದ 3x ಕಳೆದರೆ 42, 2x ಕಳೆದರೆ 48.

ಜೋಡಿಗಳ ಸಂಖ್ಯೆಯನ್ನೇ ಕೊಟ್ಟಿಲ್ಲ. "ಕನಿಷ್ಠ ಎಷ್ಟು ಮಂದಿಗೆ ಮೂರೂ ಇಷ್ಟ" ಎಂದು ಕೇಳಿದ್ದಾರೆ. ಈಗ?

ಆಗ ಇಷ್ಟವಿರುವವರನ್ನು ಬಿಟ್ಟು ಇಷ್ಟವಿಲ್ಲದವರನ್ನು ಎಣಿಸಿ. 100 ಜನರಲ್ಲಿ 85 ಮಂದಿಗೆ ಮೊದಲನೆಯದು, 80 ಮಂದಿಗೆ ಎರಡನೆಯದು, 75 ಮಂದಿಗೆ ಮೂರನೆಯದು ಇಷ್ಟ ಎಂದುಕೊಳ್ಳಿ. ಬೇಡ ಎಂದವರು 15, 20 ಮತ್ತು 25. ಮೂರೂ ಇಷ್ಟವಿರುವವರ ಗುಂಪಿನಿಂದ ಹೊರಬೀಳಲು ಒಂದು "ಬೇಡ" ಸಾಕು. ಈ "ಬೇಡ"ಗಳೆಲ್ಲ ಬೇರೆ ಬೇರೆ ಜನರದ್ದಾದರೆ ಅತಿ ಹೆಚ್ಚು ಜನ ಹೊರಬೀಳುತ್ತಾರೆ: 15 + 20 + 25 = 60. ಉಳಿದ 40 ಮಂದಿಗೆ ಮೂರೂ ಇಷ್ಟವಿರಲೇಬೇಕು. ಕನಿಷ್ಠ ಉತ್ತರ 40.

ಗರಿಷ್ಠ ಬೇಕಿದ್ದರೆ ಅತಿ ಚಿಕ್ಕ ವೃತ್ತವನ್ನು ನೋಡಿ. ಮೂರನೆಯದನ್ನು ಇಷ್ಟಪಡುವ 75 ಜನರಿಗೂ ಉಳಿದೆರಡು ಇಷ್ಟವಿರಬಹುದು, ಆದ್ದರಿಂದ ಗರಿಷ್ಠ 75. ಆದರೆ ಪ್ರಶ್ನೆಯಲ್ಲಿ "ಎಲ್ಲರಿಗೂ ಕನಿಷ್ಠ ಒಂದು ಇಷ್ಟ" ಎಂದಿದ್ದರೆ ಇನ್ನೊಂದು ತಡೆ ಬರುತ್ತದೆ. ಚೀಟಿಗಳು 240, ಜನ 100, ಹೆಚ್ಚು 140. ಮೂರೂ ಇಷ್ಟವಿರುವವರು ತಲಾ ಎರಡು ಹೆಚ್ಚು ಚೀಟಿ ಬಳಸುತ್ತಾರೆ, ಹಾಗಾಗಿ ಅವರು 70 ಮೀರುವಂತಿಲ್ಲ. ಈಗ ಗರಿಷ್ಠ 70. ಒಂದು ಸಣ್ಣ ವಾಕ್ಯ ಉತ್ತರವನ್ನು ಐದು ಕೆಳಗಿಳಿಸಿತು.

ಶೇಕಡಾವಾರು ಕೊಟ್ಟಿದ್ದರೆ?

ಒಟ್ಟು 100 ಎಂದುಕೊಂಡು ಅದೇ ಲೆಕ್ಕ ಮಾಡಿ. ಒಂದು ಎಚ್ಚರ: ಎಲ್ಲ ಶೇಕಡಾಗಳೂ ಒಟ್ಟು ಜನರ ಮೇಲೆಯೇ ಇರಬೇಕು. "ಓದು ಇಷ್ಟವಿರುವವರಲ್ಲಿ ಶೇ. 50ರಷ್ಟು ಮಂದಿಗೆ ಸಂಗೀತವೂ ಇಷ್ಟ" ಎಂದಿದ್ದರೆ ಅದು ಓದಿನ ವೃತ್ತದ ಅರ್ಧ, ಇಡೀ ಚೌಕಟ್ಟಿನ ಅರ್ಧವಲ್ಲ. ಮೊದಲು ಅದನ್ನು ಒಟ್ಟಿನ ಶೇಕಡಾಕ್ಕೆ ಬದಲಿಸಿಕೊಳ್ಳಿ.

ನಾಲ್ಕು ವಿಷಯಗಳಿದ್ದರೆ ನಾಲ್ಕು ವೃತ್ತ ಬರೆಯಬಹುದಾ?

ನಾಲ್ಕು ವೃತ್ತಗಳಿಂದ ಆಗುವುದಿಲ್ಲ. ನಾಲ್ಕು ವಿಷಯಗಳಿಗೆ ಹೊರಭಾಗವೂ ಸೇರಿ 16 ಭಾಗಗಳು ಬೇಕು. ಒಬ್ಬೊಬ್ಬರೂ ನಾಲ್ಕು ಸಲ "ಹೌದು" ಅಥವಾ "ಇಲ್ಲ" ಎನ್ನಬಹುದು, ಅಷ್ಟು ಬಗೆಗಳು. ನಾಲ್ಕು ವೃತ್ತಗಳನ್ನು ಹೇಗೇ ಇಟ್ಟರೂ ಸಮತಲದಲ್ಲಿ 14ಕ್ಕಿಂತ ಹೆಚ್ಚು ಭಾಗ ಆಗುವುದಿಲ್ಲ. ಹಾಗಾಗಿ ಯಾವುದಾದರೂ ಎರಡು ಬಗೆಯ ಜನರಿಗೆ ಚಿತ್ರದಲ್ಲಿ ಜಾಗವೇ ಇರುವುದಿಲ್ಲ. ಈ ಚಿತ್ರಗಳಿಗೆ ತನ್ನ ಹೆಸರು ಉಳಿಸಿಹೋದ ಇಂಗ್ಲೆಂಡಿನ ತರ್ಕಶಾಸ್ತ್ರಜ್ಞ ಜಾನ್ ವೆನ್ 1880ರಲ್ಲಿ ಇವುಗಳ ಬಗ್ಗೆ ಬರೆದಾಗಲೇ ನಾಲ್ಕಕ್ಕೆ ವೃತ್ತ ಬಿಟ್ಟು ದೀರ್ಘವೃತ್ತಗಳನ್ನು ಬಳಸಿದ್ದ.

ನಾಲ್ಕು ಬಂದಾಗ ನಾನಾದರೆ ಚಿತ್ರ ಬಿಟ್ಟು ಸೂತ್ರ ಹಿಡಿಯುತ್ತೇನೆ. ಒಂಟಿಗಳ ಮೊತ್ತ S1, ಆರು ಜೋಡಿಗಳ ಮೊತ್ತ S2, ನಾಲ್ಕು ತ್ರಿವಳಿಗಳ ಮೊತ್ತ S3, ಕನಿಷ್ಠ ಒಂದು ಇಷ್ಟವಿರುವವರು U, ನಾಲ್ಕೂ ಇಷ್ಟವಿರುವವರು x ಆದರೆ

```
U = S1 − S2 + S3 − x
```

ಇಲ್ಲಿ x ಮುಂದೆ ಕಳೆಯುವ ಚಿಹ್ನೆ ಇದೆ ಎಂಬುದನ್ನು ಗಮನಿಸಿ. ಮೂರರ ಲೆಕ್ಕದ ರೂಢಿಯಲ್ಲಿ ಅನೇಕರು ಇಲ್ಲೂ ಕೂಡಿಸಿಬಿಡುತ್ತಾರೆ. ನಾಲ್ಕೂ ಇಷ್ಟವಿರುವ ಒಬ್ಬರನ್ನು ಹಿಡಿದು ಎಣಿಸಿ ನೋಡಿ: S1ರಲ್ಲಿ 4 ಸಲ ಬಂದರು, S2ರಲ್ಲಿ 6 ಸಲ ಹೋದರು, S3ರಲ್ಲಿ 4 ಸಲ ಬಂದರು. 4 − 6 + 4 = 2. ಒಂದೇ ಸಲ ಇರಬೇಕಾದವರು ಎರಡು ಸಲ ಇದ್ದಾರೆ, ಆದ್ದರಿಂದ ಒಂದನ್ನು ಕಳೆಯಬೇಕು.